ಬದಲಾಯಿಸಿದ್ದು ಯಾವ ಪಾಸ್‌ವರ್ಡ್?

ತುಮಕೂರು, ತಿಪಟೂರು, ಗುಬ್ಬಿ ಕಡೆಯ ವ್ಯಾಪಾರಿಗಳ ಕಂಪ್ಯೂಟರ್, ಇಮೇಲ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವುದಾದರೂ ಆ್ಯಪ್‌ನಿಂದ ‘ನಿಮ್ಮ ಮಾಹಿತಿ ಸೋರಿಕೆಯಾಗಿದೆ’ ಅಂತ ನೋಟಿಸ್ ಬಂದರೆ ಜನ ನನಗೆ ಫೋನ್ ಮಾಡುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ಹತ್ತರಲ್ಲಿ ಒಂಬತ್ತು ಜನ ಹೇಳುವುದು ಒಂದೇ ಮಾತು: ‘ಆ ಆ್ಯಪ್‌ನ ಪಾಸ್‌ವರ್ಡ್ ಬದಲಾಯಿಸಿಬಿಟ್ಟೆ ಸಾರ್, ಎಟಿಎಂ ಕಾರ್ಡೂ ಬ್ಲಾಕ್ ಮಾಡಿಸಿದೆ. ಇನ್ನೇನೂ ಭಯ ಇಲ್ಲ ಅಲ್ವಾ?’

‘ನಿಮ್ಮ ಇಮೇಲ್ ಪಾಸ್‌ವರ್ಡ್ ಏನಾಯಿತು?’ ಅಂತ ಕೇಳುತ್ತೇನೆ. ‘ಅದಕ್ಕೂ ಇದಕ್ಕೂ ಏನು ಸಂಬಂಧ?’ ಅನ್ನುತ್ತಾರೆ.

ಅಲ್ಲೇ ಇರುವುದು ಸಂಬಂಧ. ಇದನ್ನು ಎಷ್ಟು ಸಲ ಹೇಳಿದರೂ ಸಾಕಾಗುತ್ತಿಲ್ಲ. ಅದಕ್ಕೇ ಇವತ್ತು ನಿಧಾನವಾಗಿ ಬರೆಯುತ್ತಿದ್ದೇನೆ.

ತಿಪಟೂರಿನ ಕೊಬ್ಬರಿ ವ್ಯಾಪಾರಿ ಒಬ್ಬರಿದ್ದಾರೆ. ಅವರನ್ನು ನಾನು ಅಣ್ಣ ಅಂತಲೇ ಕರೆಯುವುದು. ಉಂಡೆ ಕೊಬ್ಬರಿಯನ್ನು ಉತ್ತರ ಭಾರತಕ್ಕೆ ಕಳಿಸುತ್ತಾರೆ. ಬಿಲ್ಲು, ಲಾರಿ ವಿವರ, ಬ್ಯಾಂಕ್ ಖಾತೆ ನಂಬರು ಎಲ್ಲ ಇಮೇಲ್‌ನಲ್ಲೇ ಹೋಗುತ್ತದೆ. ಅವರಿಗೆ ಒಂದು ಶಾಪಿಂಗ್ ಆ್ಯಪ್‌ನಿಂದ ನೋಟಿಸ್ ಬಂತು. ಹೆಸರು, ಇಮೇಲ್, ಮೊಬೈಲ್, ವಿಳಾಸ, ‘ಹ್ಯಾಶ್ ಮಾಡಿದ ಪಾಸ್‌ವರ್ಡ್’ ಹೊರಗೆ ಹೋಗಿದೆ ಅಂತ ಅದರಲ್ಲಿ ಬರೆದಿತ್ತು. ಅಣ್ಣ ಅವತ್ತೇ ಆ್ಯಪ್ ತೆರೆದು `Tiptur@1974` ಅಂತ ಇದ್ದದ್ದನ್ನು `Tiptur@1975` ಮಾಡಿದರು. ಜಿಮೇಲ್‌ಗೂ ಅದೇ `Tiptur@1974` ಇತ್ತು. ಅದು ಹಾಗೇ ಉಳಿಯಿತು.

ಹ್ಯಾಶ್ ಅಂದರೆ ಏನು ಅಂತ ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಕಾಯಿ ತುರಿದ ಮೇಲೆ ತುರಿಯಿಂದ ಮತ್ತೆ ಕಾಯಿ ಮಾಡಲು ಆಗುವುದಿಲ್ಲ. ಆ್ಯಪ್‌ನವರು ನಿಮ್ಮ ಪಾಸ್‌ವರ್ಡನ್ನು ಹಾಗೆ ತುರಿದು ಇಟ್ಟಿರುತ್ತಾರೆ. ಕಳ್ಳನಿಗೆ ಸಿಕ್ಕಿದ್ದು ತುರಿ ಮಾತ್ರ. ಹಾಗಾದರೆ ಕ್ಷೇಮ ಅಲ್ವಾ ಅಂದರೆ, ಪೂರ್ತಿ ಅಲ್ಲ. ಒಂದೇ ಕಾಯಿಯನ್ನು ಒಂದೇ ರೀತಿ ತುರಿದರೆ ಪ್ರತಿ ಸಲವೂ ಅದೇ ತುರಿ ಬರುತ್ತದೆ. ಕಳ್ಳ ಏನು ಮಾಡುತ್ತಾನೆ? ಊರಿನ ಹೆಸರು, ದೇವರ ಹೆಸರು, ಮಕ್ಕಳ ಹೆಸರು, ಅದರ ಮುಂದೆ `@`, ಅದರ ಮುಂದೆ ಇಸವಿ, ಹೀಗೆ ಕೋಟ್ಯಂತರ ಊಹೆಗಳನ್ನು ಕಂಪ್ಯೂಟರ್‌ನಲ್ಲಿ ತುರಿದು, ಕದ್ದ ತುರಿಯ ಜೊತೆ ಹೋಲಿಸಿ ನೋಡುತ್ತಾನೆ. ಹೊಂದಿದರೆ ಪಾಸ್‌ವರ್ಡ್ ಸಿಕ್ಕಿತು. ತುರಿಯುವ ವಿಧಾನ ಬಲವಾಗಿದ್ದರೆ ಇದಕ್ಕೆ ಬಹಳ ಸಮಯ ಹಿಡಿಯುತ್ತದೆ. ಹಳೆಯ, ದುರ್ಬಲ ವಿಧಾನವಾದರೆ ಬೇಗ ಆಗುತ್ತದೆ. ಯಾವ ವಿಧಾನ ಅಂತ ನೋಟಿಸ್‌ನಲ್ಲಿ ಬರೆದಿರುವುದು ಕಡಿಮೆ. ಊರು ಮತ್ತು ಇಸವಿ ಸೇರಿಸಿದ ಪಾಸ್‌ವರ್ಡ್ ಆದರೆ, ಅದು ಕಳ್ಳನ ಕೈಗೆ ಸಿಕ್ಕಿತು ಅಂತಲೇ ಲೆಕ್ಕ ಹಿಡಿಯಿರಿ.

ಇಲ್ಲಿಂದ ಮುಂದೆ ಕಳ್ಳನಿಗೆ ಆ ಶಾಪಿಂಗ್ ಆ್ಯಪ್ ಬೇಡ. ಅಲ್ಲಿ ಏನಿದೆ, ಸೋಪು, ಚಾರ್ಜರ್ ತರಿಸಿದ ಪಟ್ಟಿ. ಅವನಿಗೆ ಸಿಕ್ಕಿರುವುದು ಒಂದು ಜೋಡಿ: ನಿಮ್ಮ ಇಮೇಲ್ ವಿಳಾಸ ಮತ್ತು ನೀವು ಇಷ್ಟಪಟ್ಟು ಬಳಸುವ ಪಾಸ್‌ವರ್ಡ್. ಆ ಜೋಡಿಯನ್ನು ಜಿಮೇಲ್, ಫೇಸ್‌ಬುಕ್, ಟಿಕೆಟ್ ಬುಕಿಂಗ್, ಹೀಗೆ ನೂರಾರು ಕಡೆ ಯಂತ್ರವೇ ಹಾಕಿ ನೋಡುತ್ತದೆ. ಕೊನೆಯ ಅಂಕಿ ಒಂದು ಹೆಚ್ಚು, ಒಂದು ಕಡಿಮೆ ಮಾಡಿಯೂ ನೋಡುತ್ತದೆ. ಆದ್ದರಿಂದ `1975` ಕೂಡ ಉಪಯೋಗಕ್ಕೆ ಬರಲಿಲ್ಲ. ಸೋರಿದ್ದು ಒಂದು ಆ್ಯಪ್‌ನ ಪಾಸ್‌ವರ್ಡ್ ಅಲ್ಲ, ನಿಮ್ಮ ಅಭ್ಯಾಸ ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಓದು ಬರಹ ಕಡಿಮೆ ಇದ್ದವರು ಮಾತ್ರ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. 2012ರಲ್ಲಿ, ಜನರ ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಡುವ ಡ್ರಾಪ್‌ಬಾಕ್ಸ್ ಕಂಪನಿಯ ಉದ್ಯೋಗಿಯೊಬ್ಬರ ಖಾತೆಗೆ ಕಳ್ಳರು ನುಗ್ಗಿದ್ದು ಬೇರೆ ಸೈಟ್‌ನಿಂದ ಕದ್ದ ಪಾಸ್‌ವರ್ಡ್‌ನಿಂದಲೇ. ಅದೇ ವರ್ಷ ಲಿಂಕ್ಡ್‌ಇನ್‌ನಿಂದಲೂ ಪಾಸ್‌ವರ್ಡ್‌ಗಳು ಸೋರಿದ್ದವು. ಆಗ ಹೊರಗೆ ಕಂಡದ್ದು ಸುಮಾರು 65 ಲಕ್ಷ. 2016ರಲ್ಲಿ ಅದೇ ಸೋರಿಕೆಯ 10 ಕೋಟಿಗೂ ಜಾಸ್ತಿ ಖಾತೆಗಳ ಮಾಹಿತಿ ಮಾರಾಟಕ್ಕೆ ಬಂತು. ನಾಲ್ಕು ವರ್ಷ ಬಿಟ್ಟು! ‘ನೋಟಿಸ್ ಬಂದು ಆರು ತಿಂಗಳಾಯಿತು, ಏನೂ ಆಗಲಿಲ್ಲ’ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ಅಣ್ಣನ ವಿಷಯಕ್ಕೆ ಬರುತ್ತೇನೆ. ಹೊಸ ಜಾಗದಿಂದ ಯಾರೋ ಲಾಗಿನ್ ಆಗುತ್ತಿದ್ದಾರೆ ಅಂತ ಗೂಗಲ್ ಅವರ ಫೋನಿಗೆ ತಿಳಿಸಿ, ‘ಇದು ನೀವೇನಾ?’ ಅಂತ ಕೇಳಿತ್ತು. ಫೋನ್ ಅಂಗಡಿಯ ಮೇಜಿನ ಮೇಲಿತ್ತು. ತೂಕದ ಗಡಿಬಿಡಿಯಲ್ಲಿ ಅಂಗಡಿಯ ಹುಡುಗ ‘ಹೌದು’ ಒತ್ತಿಬಿಟ್ಟ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅದು ಏನು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಎರಡು ವಾರ ಕಳೆದ ಮೇಲೆ ದೆಹಲಿಯ ಖರೀದಿದಾರರು ಫೋನ್ ಮಾಡಿ, ‘ನೀವು ಕೊಟ್ಟ ಹೊಸ ಖಾತೆಗೆ 1,60,000 ಹಾಕಿದ್ದೇವೆ, ಬಂತಾ?’ ಅಂದರು. ಅಣ್ಣ ಯಾವ ಹೊಸ ಖಾತೆಯನ್ನೂ ಕೊಟ್ಟಿರಲಿಲ್ಲ. ದುಡ್ಡು ಹೋದದ್ದು ಹಿಂದಿನ ಸಂಜೆ. ದೆಹಲಿಯವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, `cybercrime.gov.in`ನಲ್ಲಿ ದೂರು ಹಾಕಿದರು. ಒಂದಷ್ಟು ಹಣ ಆ ಖಾತೆಯಲ್ಲೇ ತಡೆಯಲ್ಪಟ್ಟಿತು. ಉಳಿದದ್ದು ಅಷ್ಟರಲ್ಲಿ ಬೇರೆ ಕಡೆ ದಾಟಿತ್ತು.

ನಾನು ಹೋಗುವ ಹೊತ್ತಿಗೆ ಅಣ್ಣನ ಮಗ ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿಯಾಗಿತ್ತು. ‘ಈಗ ಸರಿ ಹೋಯಿತು’ ಅಂದ. ಲ್ಯಾಪ್‌ಟಾಪ್ ತೆರೆಸಿ ಫಿಲ್ಟರ್ ಪುಟ ನೋಡಿದೆ. ಅಲ್ಲಿ ಅವರು ಬರೆಯದ ಒಂದು ನಿಯಮ ಕೂತಿತ್ತು. ದೆಹಲಿಯವರಿಂದ ಬರುವ ಪ್ರತಿ ಮೇಲ್ ಇನ್‌ಬಾಕ್ಸ್‌ಗೆ ಬಾರದಂತೆ, ಓದಿದ ಹಾಗೆ ಗುರುತಾಗಿ, ಒಂದು ಅಪರಿಚಿತ ವಿಳಾಸಕ್ಕೆ ಹೋಗಬೇಕು ಅಂತ. ಎರಡು ವಾರ ಅಣ್ಣ ‘ದೆಹಲಿಯವರು ಯಾಕೋ ಸುಮ್ನೆ ಇದ್ದಾರೆ’ ಅಂದುಕೊಂಡಿದ್ದರು. ಅವರು ಸುಮ್ಮನಿರಲಿಲ್ಲ, ಬರೆಯುತ್ತಲೇ ಇದ್ದರು. ಉತ್ತರ ಕೊಡುತ್ತಿದ್ದವನು ಬೇರೆ.

ಪಾಸ್‌ವರ್ಡ್ ಬದಲಾಯಿಸಿದರೆ ಈ ನಿಯಮ ಅಳಿಸುವುದಿಲ್ಲ. ನಾನು ಅವತ್ತು ಆ ಪುಟ ತೆರೆಯದಿದ್ದರೆ, ಹೊಸ ಪಾಸ್‌ವರ್ಡ್ ಇದ್ದೂ ಮೇಲ್‌ಗಳು ಕಳ್ಳನಿಗೆ ಹೋಗುತ್ತಲೇ ಇರುತ್ತಿದ್ದವು. ಇದು ಮೊಬೈಲ್‌ನ ಜಿಮೇಲ್ ಆ್ಯಪ್‌ನಲ್ಲಿ ಕಾಣುವುದಿಲ್ಲ. ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ನೋಡಬೇಕು. ಮೇಲ್ಗಡೆ ಚಕ್ರದ ಗುರುತು ಒತ್ತಿ `See all settings`ಗೆ ಹೋಗಿ. ಅಲ್ಲಿ `Filters and Blocked Addresses` ಮತ್ತು `Forwarding and POP/IMAP` ಅಂತ ಎರಡು ಪುಟ ಇವೆ. ನೀವು ಹಾಕದ ಯಾವುದೇ ನಿಯಮ ಅಥವಾ ವಿಳಾಸ ಕಂಡರೆ ಮೊದಲು ಫೋಟೋ ತೆಗೆದುಕೊಳ್ಳಿ, ಪೊಲೀಸರಿಗೆ ಬೇಕಾಗುತ್ತದೆ. ಆಮೇಲೆ ಅಳಿಸಿ.

ಹಾಗಾಗಿ ನೋಟಿಸ್ ಬಂದ ದಿನ ನನ್ನ ಕ್ರಮ ಹೀಗಿರುತ್ತದೆ. ನೋಟಿಸ್‌ನಲ್ಲಿರುವ ಲಿಂಕ್ ಒತ್ತುವುದಿಲ್ಲ, ಸೋರಿಕೆಯ ಸುದ್ದಿ ಬಂದ ಕೂಡಲೇ ಸುಳ್ಳು ನೋಟಿಸ್‌ಗಳೂ ಓಡಾಡುತ್ತವೆ. ಮೊದಲ ಕೆಲಸ ಇಮೇಲ್. ಯಾಕೆಂದರೆ ಬೇರೆ ಖಾತೆಗಳಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಅಂತ ಒತ್ತಿದರೆ ಸಾಮಾನ್ಯವಾಗಿ ಲಿಂಕ್ ಬರುವುದು ಅಲ್ಲಿಗೇ. ಹಳೆಯದಕ್ಕೆ ಏನೂ ಸಂಬಂಧ ಇಲ್ಲದ, ಉದ್ದದ ಹೊಸ ಪಾಸ್‌ವರ್ಡ್ ಹಾಕುವುದು. ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆ ಶುರು ಮಾಡುವುದು. ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ ಯಾವ ಯಾವ ಫೋನ್, ಕಂಪ್ಯೂಟರ್ ಲಾಗಿನ್ ಆಗಿವೆ ಅಂತ ನೋಡಿ, ಗುರುತು ಸಿಗದ್ದನ್ನು ಹೊರಹಾಕುವುದು. ಅದೇ ಪುಟದಲ್ಲಿ ಖಾತೆ ವಾಪಸ್ ಪಡೆಯಲು ಕೊಟ್ಟಿರುವ ಮೊಬೈಲ್ ನಂಬರ್ ನಿಮ್ಮದೇನಾ ಅಂತ ನೋಡುವುದು. ಆಮೇಲೆ ಜಿಮೇಲ್‌ನ ಆ ಫಿಲ್ಟರ್, ಫಾರ್ವರ್ಡಿಂಗ್ ಪುಟಗಳು.

ಇದಾದ ಮೇಲೆ ಅದೇ ಪಾಸ್‌ವರ್ಡ್ ಎಲ್ಲೆಲ್ಲಿ ಹಾಕಿದ್ದೀರಿ ಅಂತ ಹುಡುಕಬೇಕು. ಕ್ರೋಮ್‌ನಲ್ಲಿ ಸೇವ್ ಮಾಡಿದ್ದರೆ `passwords.google.com`ನ ತಪಾಸಣೆಯಲ್ಲಿ, ಒಂದೇ ಪಾಸ್‌ವರ್ಡ್ ಹಂಚಿಕೊಂಡ ಖಾತೆಗಳು ಒಟ್ಟಿಗೆ ಕಾಣುತ್ತವೆ. ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ ಖಾತೆಗಳು ಮೊದಲು. ನೋಟಿಸ್ ಕಳಿಸಿದ ಆ್ಯಪ್ ಕೊನೆಯಲ್ಲಿ ಮಾಡಿದರೂ ನಡೆಯುತ್ತದೆ. ಇಷ್ಟೊಂದು ನೆನಪಿರುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ನಿಜ, ಇರುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿಡಿ. ನನ್ನ ಕೆಲವು ಸ್ನೇಹಿತರು ಇದನ್ನು ಒಪ್ಪುವುದಿಲ್ಲ. ಆದರೆ ದೂರದ ದೇಶದಲ್ಲಿ ಕೂತ ಕಳ್ಳ ತಿಪಟೂರಿನ ಬೀರು ತೆಗೆಯುವುದಿಲ್ಲ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇರುವುದಕ್ಕಿಂತ ಅದು ಎಷ್ಟೋ ಮೇಲು.

ಕಾರ್ಡ್ ಬ್ಲಾಕ್ ಮಾಡಿಸುವ ಬಗ್ಗೆ ಒಂದು ಮಾತು. 2022ರ ಅಕ್ಟೋಬರ್‌ನಿಂದ ನಮ್ಮ ದೇಶದ ಶಾಪಿಂಗ್ ಆ್ಯಪ್‌ಗಳು ನಿಮ್ಮ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. ಹೆಚ್ಚೆಂದರೆ ಕೊನೆಯ ನಾಲ್ಕು ಅಂಕಿ ಇರುತ್ತವೆ. ನೋಟಿಸ್‌ನಲ್ಲಿ ಪೂರ್ತಿ ನಂಬರ್ ಹೋಗಿದೆ ಅಂತ ಬರೆದಿದ್ದರೆ ಖಂಡಿತ ಬ್ಲಾಕ್ ಮಾಡಿಸಿ. ಇಲ್ಲದಿದ್ದರೆ ಬ್ಯಾಂಕಿನಲ್ಲಿ ಕಳೆಯುವ ಆ ಅರ್ಧ ದಿನವನ್ನು ಇಮೇಲ್‌ಗೆ ಕೊಡಿ.

ಇನ್ನು ಆಮೇಲೂ ಎಚ್ಚರವಾಗಿರುವ ವಿಷಯ. ಪಾಸ್‌ವರ್ಡ್ ಬದಲಾಯಿಸಬಹುದು, ವಿಳಾಸ ಮತ್ತು ಮೊಬೈಲ್ ನಂಬರ್ ಬದಲಾಯಿಸಲು ಆಗುವುದಿಲ್ಲ. ಅವು ಹೊರಗೆ ಹೋದ ಮೇಲೆ ಫೋನ್ ಕರೆಗಳು ಬರುತ್ತವೆ. ತುಮಕೂರಿನ ಸೋಮೇಶ್ವರಪುರಂನ ನಿವೃತ್ತ ಟೀಚರ್ ಒಬ್ಬರಿಗೆ ಒಂದು ಕರೆ ಬಂತು. ಅವರ ಹೆಸರು, ಮನೆ ಅಡ್ಡರಸ್ತೆ, ಹೋದ ತಿಂಗಳು ತರಿಸಿದ ಮಿಕ್ಸಿಯ ಬೆಲೆ, ಎಲ್ಲ ಸರಿಯಾಗಿ ಹೇಳಿ, ‘ರೀಫಂಡ್ ಬರಬೇಕು, ಯುಪಿಐ ಪಿನ್ ಹಾಕಿ’ ಅಂದನಂತೆ. ‘ಇಷ್ಟೆಲ್ಲ ಗೊತ್ತಿರುವವನು ಕಂಪನಿಯವನೇ ಇರಬೇಕು ಅಂತ ಒಂದು ಗಳಿಗೆ ನಂಬಿಬಿಟ್ಟಿದ್ದೆ ಕಣಪ್ಪ’ ಅಂದರು. ಆದರೆ ಪಿನ್ ಅಂದ ಕೂಡಲೇ ಇಟ್ಟುಬಿಟ್ಟರು, ಪುಣ್ಯ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಬೇಕು. ಸೋರಿಕೆಯಾದ ಮೇಲೆ, ನಿಮ್ಮ ವಿವರ ಸರಿಯಾಗಿ ಹೇಳುವುದು ಯಾರ ಗುರುತಿಗೂ ಸಾಕ್ಷಿ ಅಲ್ಲ. ಅಂಥ ಕರೆ ಬಂದರೆ ಇಟ್ಟು, ಆ್ಯಪ್ ನೀವೇ ತೆರೆದು ಆರ್ಡರ್ ಪುಟದಲ್ಲಿ ನೋಡಿ.

ಅಣ್ಣ ಈಗ ಪ್ರತಿ ತಿಂಗಳ ಮೊದಲ ಸೋಮವಾರ ಮಗನ ಜೊತೆ ಕೂತು ಫಿಲ್ಟರ್ ಪುಟ ತೆರೆಸಿ ನೋಡುತ್ತಾರೆ. ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿದ್ದಾರೆ: ಖಾತೆ ನಂಬರ್ ಬದಲಾದರೆ ನಾವು ಫೋನ್ ಮಾಡಿ ಹೇಳುತ್ತೇವೆ, ಮೇಲ್‌ನಲ್ಲಿ ಬಂದರೆ ದುಡ್ಡು ಹಾಕಬೇಡಿ. ಆ ಸಾಲನ್ನು ಹಿಂದಿಯಲ್ಲೂ ಹಾಕಿಸಿ ಅಂತ ಹೇಳಿ ಬಂದಿದ್ದೇನೆ.