ಹಳೇ ಓನರ್ ಬಿಟ್ಟುಹೋದ ಮನೆ ಕಂದಾಯ, ನೀರಿನ ಬಾಕಿ ನಾನು ಕಟ್ಟಬೇಕಾ?

ಪ್ರಶ್ನೆ: "ಮಡಿಕೇರಿ ಪೇಟೆಯಲ್ಲಿ ಒಂದು ಹಳೇ ಮನೆ ತಗೊಂಡೆವು. ಮೊದಲಿನವರು ಅದನ್ನು ಹೋಂಸ್ಟೇ ಮಾಡಿದ್ದರು, ಈಗ ಬೆಂಗಳೂರಲ್ಲಿದ್ದಾರೆ. 2025ರ ಡಿಸೆಂಬರ್ 1ಕ್ಕೆ ರಿಜಿಸ್ಟ್ರೇಷನ್ ಆಯಿತು. ಖಾತೆ ನಮ್ಮ ಹೆಸರಿಗೆ ಮಾಡಿಸೋಕೆ ಹೋದರೆ ಮೂರು ವರ್ಷದ ಕಂದಾಯ ಬಾಕಿ ಇದೆ, ನೀರಿನ ಬಿಲ್ಲೂ ಬಾಕಿ ಇದೆ, ಕಟ್ಟಿ ಬನ್ನಿ ಅಂತಾರೆ. ಇಸಿ ತೆಗೆಸಿ ನೋಡಿದ್ದೆವು, ಅದರಲ್ಲಿ ಏನೂ ಇರಲಿಲ್ಲ. ಅವರ ಸಾಲ ನಾವ್ಯಾಕೆ ತೀರಿಸಬೇಕು?"

ಇಸಿ ಅಂದರೆ ಋಣಭಾರ ಪ್ರಮಾಣಪತ್ರ, ಅದರಿಂದಲೇ ಶುರು ಮಾಡೋಣ. ಅದರಲ್ಲಿ ಕಾಣುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ, ಅಂದರೆ ಕ್ರಯ, ಅಡಮಾನ, ದಾನಪತ್ರ, ಹೀಗೆ. ಕಂದಾಯ ಬಾಕಿ ಅಲ್ಲಿ ನೋಂದಣಿ ಆಗುವುದೇ ಇಲ್ಲ. ಇಸಿ ಚೊಕ್ಕವಾಗಿದೆ ಅಂದಮಾತ್ರಕ್ಕೆ ಮನೆ ಮೇಲೆ ಬಾಕಿ ಇಲ್ಲ ಅಂತಲ್ಲ.

ಇನ್ನು ಯಾರು ಕಟ್ಟಬೇಕು? ಉತ್ತರ ಎರಡಿದೆ. ನಿಮ್ಮ ಮತ್ತು ಮಾರಿದವರ ನಡುವೆ ಕೇಳಿದರೆ ಅವರೇ ಕಟ್ಟಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾರಾಟದ ದಿನದವರೆಗೆ ಬಾಕಿ ಬಂದ ಸರ್ಕಾರಿ ತೆರಿಗೆಗಳು ಮಾರುವವರ ಹೊಣೆ, ಆಮೇಲಿನದು ಕೊಂಡವರ ಹೊಣೆ. ಆದರೆ ನಗರಸಭೆಗೂ ನಿಮಗೂ ನಡುವೆ ಮಾತು ಬಂದಾಗ ಕಥೆ ಬೇರೆ. ಅವರ ರಿಜಿಸ್ಟರ್‌ನಲ್ಲಿ ಬಾಕಿ ಇರುವುದು ಆ ಆಸ್ತಿ ಸಂಖ್ಯೆಯ ಎದುರು. ಮಾಲೀಕರು ಬದಲಾದರೂ ಆಸ್ತಿ ಸಂಖ್ಯೆ ಅಲ್ಲೇ ಇರುತ್ತದಲ್ವಾ? ಬಾಕಿ ತೀರದೆ ಖಾತೆ ಬದಲಾಯಿಸಿ ಕೊಡುವುದಿಲ್ಲ. ಕ್ರಯಪತ್ರದಲ್ಲಿ "ಈವರೆಗಿನ ಬಾಕಿ ಎಲ್ಲಾ ಮಾರಾಟಗಾರರದ್ದು" ಅಂತ ಬರೆಸಿದ್ದರೂ ಅದು ನಿಮ್ಮಿಬ್ಬರ ಮಧ್ಯದ ಮಾತು, ಕಚೇರಿಗೆ ಅದು ಲೆಕ್ಕಕ್ಕಿಲ್ಲ.

ಕೋರ್ಟಿಗೆ ಹೋದರೆ ಗೆಲ್ಲೋಕೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಅಹಮದಾಬಾದ್ ಮಹಾನಗರ ಪಾಲಿಕೆಯ 1971ರ ಒಂದು ಪ್ರಕರಣದಲ್ಲಿ, ಬಾಕಿ ಗೊತ್ತಿಲ್ಲದೆ ಹರಾಜಿನಲ್ಲಿ ಆಸ್ತಿ ಕೊಂಡವರ ಪರವಾಗಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ನಿಮಗೆ ನಿಜವಾಗಲೂ ಗೊತ್ತಿರಲಿಲ್ಲವಾ, ಸ್ವಲ್ಪ ವಿಚಾರಿಸಿದ್ದರೆ ಗೊತ್ತಾಗುತ್ತಿತ್ತಾ ಎಂಬುದನ್ನು ಪ್ರತಿ ಕೇಸಿನಲ್ಲೂ ಬೇರೆಯಾಗಿ ನೋಡುತ್ತಾರೆ. ನಗರಸಭೆಗೆ ಹೋಗಿ ಒಂದು ಮಾತು ಕೇಳದೆ ಮನೆ ಕೊಂಡವರಿಗೆ ಈ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಮೂವತ್ತು ನಲವತ್ತು ಸಾವಿರದ ಬಾಕಿಗೆ ಅಷ್ಟು ದೂರ ಹೋಗುವುದು ನನ್ನ ಪ್ರಕಾರ ದಂಡ. ಕಟ್ಟಿ, ಖಾತೆ ಮಾಡಿಸಿಕೊಂಡು, ದುಡ್ಡನ್ನು ಮಾರಿದವರಿಂದ ವಸೂಲಿ ಮಾಡುವುದೇ ಸರಿ.

ಈಗ ಲೆಕ್ಕ. ವರ್ಷಕ್ಕೆ ಕಂದಾಯ 6,000 ರೂಪಾಯಿ ಎಂದು ಇಟ್ಟುಕೊಳ್ಳಿ, ಸೆಸ್‌ಗಳು ಬೇರೆ. ನಮ್ಮ ರಾಜ್ಯದ ನಗರಸಭೆ, ಪುರಸಭೆಗಳಲ್ಲಿ ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ 5% ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ಇದ್ದಷ್ಟೇ, ಜುಲೈಯಿಂದ ತಿಂಗಳಿಗೆ 2% ದಂಡ. ತಿಂಗಳಿಗೆ ಎರಡು ಅಂದರೆ ವರ್ಷಕ್ಕೆ ಇಪ್ಪತ್ತನಾಲ್ಕು! 2022-23ರ ಕಂದಾಯಕ್ಕೆ 2022ರ ಜುಲೈಯಿಂದ 2025ರ ನವೆಂಬರ್‌ವರೆಗೆ 41 ತಿಂಗಳು, ಅಂದರೆ 82%, 4,920 ರೂಪಾಯಿ ಬರೀ ದಂಡ. 2023-24ಕ್ಕೆ 3,480. 2024-25ಕ್ಕೆ 2,040. ಈ ಸಾಲಿನದ್ದೂ ಕಟ್ಟಿಲ್ಲವಾದರೆ ಐದು ತಿಂಗಳಿಗೆ 600. ಕಂದಾಯ 24,000, ದಂಡ 11,040, ಒಟ್ಟು 35,040.

ಇದರಲ್ಲಿ ನಿಮ್ಮ ಪಾಲು ಎಷ್ಟು? ಹಿಂದಿನ ಮೂರು ವರ್ಷದ್ದು ಪೂರ್ತಿ ಅವರದೇ. ಈ ಸಾಲಿನ 6,000ವನ್ನು ರೂಢಿಯಲ್ಲಿ ತಿಂಗಳ ಲೆಕ್ಕದಲ್ಲಿ ಹಂಚುತ್ತಾರೆ, ಏಪ್ರಿಲ್‌ನಿಂದ ನವೆಂಬರ್ ಅವರದು 4,000, ಉಳಿದ ನಾಲ್ಕು ತಿಂಗಳು ನಿಮ್ಮದು 2,000. ತಡ ಮಾಡಿದ್ದು ಅವರಾದ್ದರಿಂದ ದಂಡವೆಲ್ಲಾ ಅವರಿಗೇ. ಅಲ್ಲಿಗೆ ಅವರಿಂದ ಬರಬೇಕಾದದ್ದು 33,040. ಈ ಸಾಲಿನ ಕಂದಾಯ ಮಾರಾಟಕ್ಕೆ ಮೊದಲೇ ಬಾಕಿ ಬಂದಾಗಿತ್ತು, ಹಾಗಾಗಿ ಪೂರ್ತಿ 6,000 ಅವರದೇ ಎಂದೂ ವಾದಿಸಬಹುದು. ಆದರೆ 2,000ಕ್ಕೆ ಜಗಳ ಬೇಡ, ಅವರು ಬೇಗ ಒಪ್ಪಲಿ.

ಕಟ್ಟುವಾಗ ಒಂದು ವಿಷಯ ಮರೀಬೇಡಿ. ಚಲನ್ ಹಳೇ ಮಾಲೀಕರ ಹೆಸರಲ್ಲೇ ಬರುತ್ತದೆ. ದುಡ್ಡು ಮಾತ್ರ ನಿಮ್ಮ ಬ್ಯಾಂಕ್ ಖಾತೆಯಿಂದಲೇ ಹೋಗಲಿ, ನಗದು ಬೇಡ. ಇಲ್ಲದಿದ್ದರೆ ನಾಳೆ "ನಾನೇ ಕಟ್ಟಿದ್ದು, ರಸೀದಿಯಲ್ಲಿ ನನ್ನ ಹೆಸರೇ ಇದೆಯಲ್ಲಾ" ಅಂತಾರೆ. ವರ್ಷವಾರು ಲೆಕ್ಕ, ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರಯಪತ್ರದ ನಕಲು ಎಲ್ಲಾ ಸೇರಿಸಿ ಮೊದಲು ವಾಟ್ಸಾಪ್‌ನಲ್ಲಿ ಕಳಿಸಿ ಕೇಳಿ. ಎಷ್ಟೋ ಜನ ಬರಹದಲ್ಲಿ ಕೇಳಿದರೆ ಕೊಡುತ್ತಾರೆ. ಕೊಡಲಿಲ್ಲವಾ, ವಕೀಲರ ನೋಟಿಸ್. ಇನ್ನೊಬ್ಬರು ಕಾನೂನಿನ ಪ್ರಕಾರ ಕಟ್ಟಬೇಕಾದ ಹಣವನ್ನು ನಮ್ಮ ಹಿತಕ್ಕಾಗಿ ನಾವು ಕಟ್ಟಿದರೆ ವಾಪಸ್ ಪಡೆಯಬಹುದು ಎಂದು 1872ರ ಕರಾರು ಕಾಯ್ದೆಯ 69ನೇ ಸೆಕ್ಷನ್ ಹೇಳುತ್ತದೆ. ದಾವೆ ಹೂಡಲು ನೀವು ಕಟ್ಟಿದ ದಿನದಿಂದ ಮೂರು ವರ್ಷ ಕಾಲಾವಕಾಶ.

ನೀರಿನದು ಇನ್ನೂ ತಲೆನೋವು. ನೀರಿನ ಲೆಕ್ಕ ಕಂದಾಯದ ಲೆಕ್ಕಕ್ಕಿಂತ ಬೇರೆ, ಆದ್ದರಿಂದ ಕಂದಾಯದ ರಸೀದಿ ತೋರಿಸಿದರೂ ನೀರಿನ ಬಾಕಿ ಹಾಗೇ ಉಳಿದಿರಬಹುದು. ನಿಮ್ಮ ಕೇಸಲ್ಲಿ ಹೋಂಸ್ಟೇ ಇತ್ತು ಎನ್ನುತ್ತೀರಿ. ಸಂಪರ್ಕ ವಾಣಿಜ್ಯ ದರದಲ್ಲಿದೆಯಾ ನೋಡಿ. ಇದ್ದರೆ ಹಳೇ ಬಾಕಿಯ ಜೊತೆಗೆ ಮುಂದಿನ ಬಿಲ್ಲೂ ಅದೇ ದರದಲ್ಲಿ ಬರುತ್ತಾ ಹೋಗುತ್ತದೆ. ಹೆಸರು ಬದಲಾವಣೆಗೆ ಅರ್ಜಿ ಹಾಕುವಾಗಲೇ "ಈಗ ವಾಸಕ್ಕೆ ಮಾತ್ರ" ಎಂದು ಗೃಹಬಳಕೆ ದರಕ್ಕೂ ಬರೆದುಕೊಡಿ, ಕ್ರಯಪತ್ರದ ತಾರೀಕು ನಮೂದಿಸಿ, ಸ್ವೀಕೃತಿ ತಗೊಳ್ಳಿ. ಮೀಟರ್ ಇದ್ದರೆ ಇವತ್ತಿನ ರೀಡಿಂಗ್ ಫೋಟೋ ತೆಗೆದಿಡಿ. ರಿಜಿಸ್ಟ್ರೇಷನ್ ದಿನದ್ದೇ ಇದ್ದರೆ ಚೆನ್ನಾಗಿತ್ತು, ಇಲ್ಲದಿದ್ದರೆ ಕಳೆದ ಬಿಲ್ಲಿನ ರೀಡಿಂಗ್‌ನಿಂದ ಅಂದಾಜು ಹಾಕಬೇಕಾಗುತ್ತದೆ.

ಕಂದಾಯದಲ್ಲೂ ಹೋಂಸ್ಟೇಯ ಬಾಲ ಇರಬಹುದು. ಆಸ್ತಿ ತೆರಿಗೆಯನ್ನು ಮಾಲೀಕರೇ ಘೋಷಿಸಿ ಕಟ್ಟುವುದಲ್ವಾ, ಹೋಂಸ್ಟೇ ನಡೆಸಿಕೊಂಡೇ ವಾಸದ ಮನೆ ಅಂತ ತೋರಿಸಿದ್ದರೆ ಕಚೇರಿಯವರು ಪರಿಶೀಲಿಸಿ ವ್ಯತ್ಯಾಸ ಕೇಳಬಹುದು. ಈ ಮೊತ್ತ ನಿಮ್ಮ ಕೈಗೆ ಬಂದ ಬಾಕಿ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ಮಾರಿದವರ ಹತ್ತಿರ ದುಡ್ಡು ವಾಪಸ್ ತಗೊಳ್ಳುವಾಗ "ಇದರೊಂದಿಗೆ ಎಲ್ಲಾ ಲೆಕ್ಕ ಚುಕ್ತಾ" ಎಂದು ಬರೆದುಕೊಡಬೇಡಿ. ಯಾವ ವರ್ಷದ ಯಾವ ಬಾಕಿಗೆ ಎಂದು ಬರೆದು, ಅಷ್ಟಕ್ಕೇ ರಸೀದಿ ಕೊಡಿ.

ಇನ್ನೂ ಮನೆ ಕೊಳ್ಳದವರಿಗೆ: ಅಡ್ವಾನ್ಸ್ ಕೊಟ್ಟ ಮೇಲೆ, ರಿಜಿಸ್ಟ್ರೇಷನ್‌ಗೆ ಮೊದಲು, ಕಂದಾಯಕ್ಕೊಂದು ನೀರಿಗೊಂದು "ಬಾಕಿ ಇಲ್ಲ" ಪತ್ರ ಮಾರುವವರಿಂದಲೇ ತರಿಸಿ. ಈ ವರ್ಷದ ಒಂದು ರಸೀದಿ ಸಾಲದು, ಅದು ಹಿಂದಿನ ವರ್ಷಗಳ ಬಗ್ಗೆ ಏನೂ ಹೇಳುವುದಿಲ್ಲ. ಇ-ಖಾತೆ ಇದೆಯಲ್ಲಾ ಅಂತ ಸುಮ್ನೆ ಕೂರಬೇಡಿ, ಅದು ಮಾಡಿಸಿದ ದಿನದ ಮಾಹಿತಿ ಅಷ್ಟೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಬಿಲ್ ಕಲೆಕ್ಟರ್‌ಗೆ ಡಿಮ್ಯಾಂಡ್ ರಿಜಿಸ್ಟರ್ ತೋರಿಸಲು ಹೇಳಿ, ನೀರಿನದನ್ನು ನೀರುಗಂಟಿಯನ್ನೂ ಕೇಳಿ. ತೋಟದ ಮನೆಗೆ ಸ್ವಂತ ಬಾವಿ ಇದ್ದರೆ ನೀರಿನ ಗೊಡವೆ ಇಲ್ಲ, ಆದರೆ ತೋಟದ ಭೂಕಂದಾಯ ಬೇರೆ, ಮನೆಯ ತೆರಿಗೆ ಬೇರೆ, ಎರಡನ್ನೂ ನೋಡಬೇಕು. ಪತ್ರ ಬರುವವರೆಗೆ ಬಾಕಿಯ ಅಂದಾಜಿನಷ್ಟು ಹಣವನ್ನು ಕೊನೆಯ ಕಂತಿನಲ್ಲಿ ಹಿಡಿದಿಟ್ಟುಕೊಳ್ಳಿ, ಕರಾರಿನಲ್ಲೇ ಹಾಗೆ ಬರೆಸಿದರೆ ಯಾರಿಗೂ ಬೇಸರವಿಲ್ಲ.