42156 ಅಂದರೆ 1 ಜೂನ್ 2015: ಎಕ್ಸೆಲ್‌ನ ಸೀರಿಯಲ್ ನಂಬರ್

"ಜನ್ಮದಿನಾಂಕದ ಕಾಲಮ್ಮಿನಲ್ಲಿ ಯಾರೋ ಸೀರಿಯಲ್ ನಂಬರ್ ತುಂಬಿದ್ದಾರೆ, ಅದನ್ನು ಅಳಿಸಿ ಹೊಸದಾಗಿ ಹಾಕಿ." ಕಾಸರಗೋಡಿನ ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳ ಗ್ರೂಪುಗಳಲ್ಲಿ ಈ ಮಾತು ಆಗಾಗ ಕಾಣುತ್ತದೆ. ಶತಮಾನೋತ್ಸವಕ್ಕೋ ಕಟ್ಟಡದ ನಿಧಿಗೋ ದಾಖಲಾತಿ ರಿಜಿಸ್ಟರನ್ನು ಎಕ್ಸೆಲ್‌ಗೆ ಏರಿಸುತ್ತಾರೆ. ಫೈಲು ನಾಲ್ಕು ಜನರ ಕೈ ದಾಟುತ್ತದೆ. ಐದನೆಯವರು ತೆರೆದಾಗ ತಾರೀಕಿನ ಜಾಗದಲ್ಲಿ 42156, 42391 ಅಂತ ಐದಂಕಿಯ ಸಂಖ್ಯೆಗಳು. ಕೆಲವರು ಅದನ್ನು ಅಡ್ಮಿಶನ್ ನಂಬರ್ ಅಂದುಕೊಳ್ಳುತ್ತಾರೆ, ಕೆಲವರು ಫೈಲು ಕರಪ್ಟ್ ಆಗಿದೆ ಅನ್ನುತ್ತಾರೆ. ಎರಡೂ ಅಲ್ಲ. ಅಳಿಸಬೇಡಿ, ದಯವಿಟ್ಟು. ಅದೇ ನಿಮ್ಮ ತಾರೀಕು.

ಹೆಸರು ಗೊಂದಲ ಮಾಡುತ್ತದೆ, ಒಪ್ಪುತ್ತೇನೆ. ನಮಗೆ ಸೀರಿಯಲ್ ನಂಬರ್ ಅಂದರೆ ಪಟ್ಟಿಯ ಎಡಬದಿಯ ಒಂದು, ಎರಡು, ಮೂರು. ಎಕ್ಸೆಲ್ ಸಾಲುಗಳನ್ನು ಎಣಿಸುತ್ತಿಲ್ಲ, ದಿನಗಳನ್ನು ಎಣಿಸುತ್ತಿದೆ. 1900ರ ಜನವರಿ 1 ಅದಕ್ಕೆ ಮೊದಲ ದಿನ, ಜನವರಿ 2 ಎರಡನೇ ದಿನ. ಹಾಗೇ ಎಣಿಸುತ್ತಾ ಬಂದರೆ ಕರ್ನಾಟಕ ಒಂದಾಗಿ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಬರುವುದು 20760ಕ್ಕೆ. ಕಾಸರಗೋಡು ಜಿಲ್ಲೆಯಾದ 1984ರ ಮೇ 24 ಬರುವುದು 30826ಕ್ಕೆ. 42156 ಅಂದರೆ 2015ರ ಜೂನ್ 1. ಗಂಟೆಯೂ ಇದ್ದರೆ ಅದು ದಶಮಾಂಶದಲ್ಲಿ ಕೂರುತ್ತದೆ. 42156.5 ಅಂದರೆ ಅದೇ ದಿನ ಮಧ್ಯಾಹ್ನ 12 ಗಂಟೆ.

ನೀವು 1-6-2015 ಅಂತ ಹೊಡೆದಾಗ ಎಕ್ಸೆಲ್ ಇಟ್ಟುಕೊಳ್ಳುವುದು 42156 ಮಾತ್ರ. ಪರದೆಯ ಮೇಲೆ ಅದನ್ನು ಹೇಗೆ ತೋರಿಸಬೇಕು ಅನ್ನುವುದು ಬೇರೆ ಸೂಚನೆ, ಅದೇ ಫಾರ್ಮ್ಯಾಟ್. ನಮ್ಮ ಭೂತೆರಿಗೆ ರಶೀದಿಯಲ್ಲಿ ಜಾಗವನ್ನು ಆರ್ ಲೆಕ್ಕದಲ್ಲಿ ಬರೆದಿರುತ್ತದೆ, ಮನೆಯಲ್ಲಿ ನಾವು ಸೆಂಟ್ ಲೆಕ್ಕದಲ್ಲೇ ಮಾತಾಡುತ್ತೇವೆ. ಜಾಗ ಒಂದಿಂಚೂ ಕಮ್ಮಿಯಾಗುವುದಿಲ್ಲ, ಅಲ್ವಾ? ಹಾಗಾಗಿ "ನಂಬರನ್ನು ಡೇಟಿಗೆ ಕನ್ವರ್ಟ್ ಮಾಡುವುದು ಹೇಗೆ" ಅನ್ನುವ ಪ್ರಶ್ನೆಯೇ ತಪ್ಪು ದಾರಿ. ಬದಲಿಸಬೇಕಾದ್ದು ತೋರಿಸುವ ರೀತಿಯನ್ನು ಮಾತ್ರ.

ಸಂಖ್ಯೆ ಹೊರಗೆ ಕಾಣುವುದು ಆ ಸೂಚನೆ ಕಳಚಿದಾಗ. ಜಾಸ್ತಿ ಆಗುವುದು ಪೇಸ್ಟ್ ಮಾಡುವಾಗ. ಒಂದು ಹಾಳೆಯಿಂದ ಇನ್ನೊಂದಕ್ಕೆ Paste Values ಮಾಡಿದರೆ ಒಳಗಿನ ಸಂಖ್ಯೆ ಮಾತ್ರ ಬರುತ್ತದೆ, ಫಾರ್ಮ್ಯಾಟ್ ಬರುವುದಿಲ್ಲ. ಹೊಸ ಸೆಲ್ಲಿನ ಫಾರ್ಮ್ಯಾಟ್ General ಆಗಿದ್ದರೆ 42156 ಅಂತಲೇ ಕಾಣುತ್ತದೆ. VLOOKUP ಹಾಕಿ ಬೇರೆ ಹಾಳೆಯಿಂದ ತಾರೀಕು ಎಳೆದಾಗಲೂ ಇದೇ ಕಥೆ.

ಸರಿ ಮಾಡುವುದು ಅರ್ಧ ನಿಮಿಷದ ಕೆಲಸ. ಕಾಲಮ್ ಆರಿಸಿ Ctrl+1 ಒತ್ತಿ. Format Cells ತೆರೆಯುತ್ತದೆ. Number ಟ್ಯಾಬಿನಲ್ಲಿ Custom ಆರಿಸಿ, Type ಅನ್ನುವ ಜಾಗದಲ್ಲಿ ಇದನ್ನು ಬರೆಯಿರಿ:

```
dd-mm-yyyy
```

Date ಅನ್ನುವ ಪಟ್ಟಿಯಿಂದಲೂ ಆರಿಸಬಹುದು. ಆದರೆ ಅಲ್ಲಿ ನಕ್ಷತ್ರದ ಗುರುತಿರುವ ಮಾದರಿಗಳು ಕಂಪ್ಯೂಟರಿನ ಸೆಟ್ಟಿಂಗ್ ನೋಡಿ ವೇಷ ಬದಲಿಸುತ್ತವೆ. ನಿಮ್ಮಲ್ಲಿ ದಿನ ಮೊದಲು ಕಂಡದ್ದು ಗಲ್ಫಿನಲ್ಲಿರುವ ಗೆಳೆಯನ ಲ್ಯಾಪ್‌ಟಾಪಿನಲ್ಲಿ ತಿಂಗಳು ಮೊದಲಾಗಿ ಕಾಣಬಹುದು. ಅದಕ್ಕೇ Custom ವಾಸಿ. ತಿಂಗಳ ಹೆಸರು ಕನ್ನಡದಲ್ಲೇ ಬೇಕಿದ್ದರೆ ಇದನ್ನು ಹಾಕಿ, 1 ಜೂನ್ 2015 ಅಂತ ಬರುತ್ತದೆ:

```
[$-44B]d mmmm yyyy
```

ಹಾಳೆಯಲ್ಲಿರುವ ಎಲ್ಲ ತಾರೀಕುಗಳೂ ಒಮ್ಮೆಲೇ ಸಂಖ್ಯೆಯಾಗಿ, ಕಾಲಮ್ಮುಗಳು ಅಗಲವಾಗಿ, ಮೊತ್ತದ ಜಾಗದಲ್ಲಿ ಸೂತ್ರಗಳು ಕಂಡರೆ ಫಾರ್ಮ್ಯಾಟ್ ಮುಟ್ಟಲೇಬೇಡಿ. ಯಾರದೋ ಬೆರಳು ತಪ್ಪಿ Show Formulas ಆನ್ ಆಗಿದೆ. Ctrl ಜತೆ, Esc ಕೆಳಗಿನ ` ಕೀ ಇನ್ನೊಮ್ಮೆ ಒತ್ತಿದರೆ ಮುಗಿಯಿತು.

ಪ್ರಮಾಣಪತ್ರ ಮಾಡುವವರು ಬೀಳುವ ಗುಂಡಿ ಬೇರೆ. ="ಜನ್ಮದಿನಾಂಕ: "&B2 ಅಂತ ಬರೆದರೆ "ಜನ್ಮದಿನಾಂಕ: 42156" ಅಂತ ಬರುತ್ತದೆ. B2 ಚೆನ್ನಾಗಿಯೇ ಇದೆ. ಆದರೆ ಅಕ್ಷರದ ಜತೆ ಅಂಟಿಸುವಾಗ ಎಕ್ಸೆಲ್ ಒಳಗಿನ ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುತ್ತದೆ. ಹೊರಗಿನಿಂದ ಎಷ್ಟು ಫಾರ್ಮ್ಯಾಟ್ ಮಾಡಿದರೂ ಸುಮ್ನೆ. ಸೂತ್ರದ ಒಳಗೇ ಹೇಳಬೇಕು:

```
="ಜನ್ಮದಿನಾಂಕ: "&TEXT(B2,"dd-mm-yyyy")
```

ಉಲ್ಟಾ ತೊಂದರೆಯೂ ಇದೆ. 1-6-2025ರಿಂದ 1-6-2015 ಕಳೆದರೆ ಉತ್ತರ 3653 ದಿನ. ಉತ್ತರದ ಸೆಲ್ಲಿಗೆ ತಾರೀಕಿನ ಫಾರ್ಮ್ಯಾಟ್ ಅಂಟಿಕೊಂಡಿದ್ದರೆ ಅದು 31-12-1909 ಅಂತ ಕಾಣುತ್ತದೆ. ಹತ್ತು ವರ್ಷದ ಹುಡುಗನ ವಯಸ್ಸಿನ ಜಾಗದಲ್ಲಿ 1909! ಇಲ್ಲಿ General ಮಾಡಿ. ಕಾರಣ ಮೊದಲಿನದೇ, ದಿಕ್ಕು ಮಾತ್ರ ಬೇರೆ.

ಈಗ ನನಗೆ ಪ್ರಿಯವಾದ ವಿಷಯ. ಎಣಿಕೆ 1900ರಿಂದ ಶುರು ಅಂದೆನಲ್ಲ, ಆ ಎಣಿಕೆಯಲ್ಲಿ ಒಂದು ಸುಳ್ಳು ದಿನವಿದೆ. ಸೆಲ್ಲಿನಲ್ಲಿ 60 ಬರೆದು ತಾರೀಕಿನ ಫಾರ್ಮ್ಯಾಟ್ ಕೊಡಿ. 29-02-1900 ಅಂತ ತೋರಿಸುತ್ತದೆ. ಅಂಥ ದಿನವೇ ಇರಲಿಲ್ಲ. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಾಗಬೇಕಾದರೆ ನಾನೂರರಿಂದಲೂ ಭಾಗವಾಗಬೇಕು. 2000 ಆಗುತ್ತದೆ, 1900 ಆಗುವುದಿಲ್ಲ. ಈ ತಪ್ಪು ಎಕ್ಸೆಲ್‌ನ ಸ್ವಂತದ್ದಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಅನ್ನುವ ತಂತ್ರಾಂಶ 1900ನ್ನು ಅಧಿಕ ವರ್ಷ ಅಂತ ಎಣಿಸಿತ್ತು. ಆಗ ಕಚೇರಿಗಳಲ್ಲಿ ನಡೆಯುತ್ತಿದ್ದುದು ಅದರದೇ ಫೈಲು. ಆ ಫೈಲುಗಳ ಸಂಖ್ಯೆ ತನ್ನಲ್ಲೂ ಅದೇ ತಾರೀಕು ತೋರಿಸಲಿ ಅಂತ ಮೈಕ್ರೋಸಾಫ್ಟ್ ತಪ್ಪನ್ನು ತಿಳಿದೇ ಉಳಿಸಿಕೊಂಡಿತು. ಈಗ ತೆಗೆದರೆ ಜಗತ್ತಿನ ಎಲ್ಲ ಹಾಳೆಗಳಲ್ಲಿ 1900ರ ಮಾರ್ಚಿನಿಂದೀಚಿನ ತಾರೀಕುಗಳು ಒಂದು ದಿನ ಸರಿಯುತ್ತವೆ. ಹಾಗಾಗಿ ಯಾರೂ ಮುಟ್ಟುವುದಿಲ್ಲ.

ನಮಗೇನು ಅದರಿಂದ? ಕೇರಳದ ಶಾಲೆಗಳಲ್ಲಿ ಲಿನಕ್ಸ್ ನಡೆಯುತ್ತದೆ, ಅಲ್ಲಿ ಕೆಲಸ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ. ಮನೆಗೆ ಬಂದರೆ ಎಕ್ಸೆಲ್. ಕ್ಯಾಲ್ಕ್ ಆ ಸುಳ್ಳು ದಿನವನ್ನು ಒಪ್ಪುವುದಿಲ್ಲ. ಬದಲಿಗೆ 1899ರ ಡಿಸೆಂಬರ್ 30ನ್ನು ಸೊನ್ನೆ ಅಂತ ಹಿಡಿದು ಎಣಿಸುತ್ತದೆ. ಹಾಗಾಗಿ 1900ರ ಮಾರ್ಚ್ 1ಕ್ಕೆ ಎರಡರಲ್ಲೂ 61, ಅಲ್ಲಿಂದ ಮುಂದೆ ಎಲ್ಲವೂ ಹೊಂದುತ್ತದೆ. ಅದಕ್ಕೂ ಹಿಂದಿನ ಎರಡು ತಿಂಗಳು ಮಾತ್ರ ಒಂದು ದಿನದ ವ್ಯತ್ಯಾಸ: 16 ಅನ್ನುವ ಸಂಖ್ಯೆ ಎಕ್ಸೆಲ್‌ಗೆ ಜನವರಿ 16, ಕ್ಯಾಲ್ಕ್‌ಗೆ ಜನವರಿ 15.

ಇನ್ನೂ ಹಳೆಯ ರಿಜಿಸ್ಟರ್ ಸಿಕ್ಕರೆ, ಮದರಾಸು ಪ್ರಾಂತ್ಯದ ಕಾಲದ್ದು, 12-6-1895 ಅಂತ ಹೊಡೆದು ನೋಡಿ. ಎಕ್ಸೆಲ್ ಅದನ್ನು ತಾರೀಕು ಅಂತ ಒಪ್ಪುವುದಿಲ್ಲ, ಬರಿ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಸಾರ್ಟ್ ಮಾಡಿದರೆ ಸಾವಿರದ ಒಂಬೈನೂರರ ನಂತರದವರೆಲ್ಲ ಮೇಲೆ, ಅದಕ್ಕಿಂತ ಹಿರಿಯರು ಕೆಳಗೆ. ಅಂಥ ಪಟ್ಟಿಗೆ ದಿನ, ತಿಂಗಳು, ವರ್ಷ ಮೂರನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಇಡಿ. ಇಲ್ಲವೇ ಕ್ಯಾಲ್ಕ್‌ನಲ್ಲೇ ಕೆಲಸ ಮಾಡಿ. ಅದು ಸೊನ್ನೆಗಿಂತ ಹಿಂದಕ್ಕೂ ಎಣಿಸಬಲ್ಲದು.

Date ಫಾರ್ಮ್ಯಾಟ್ ಕೊಟ್ಟರೂ 42156 ಹಾಗೇ ಕೂತಿದ್ದರೆ ಅದು ಸಂಖ್ಯೆಯಲ್ಲ, ಸಂಖ್ಯೆಯ ಹಾಗೆ ಕಾಣುವ ಅಕ್ಷರ. ಫಾರ್ಮ್ಯಾಟ್ Text ಮಾಡಿದ ಮೇಲೆ ಯಾರೋ ಸೆಲ್ಲಿನೊಳಗೆ ಹೋಗಿ Enter ಒತ್ತಿದರೆ ಹೀಗಾಗುತ್ತದೆ. ಸೆಲ್ಲಿನ ಎಡಕ್ಕೆ ಅಂಟಿರುತ್ತದೆ, ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನವೂ ಇರಬಹುದು. ಕಾಲಮ್ಮನ್ನು General ಮಾಡಿ, Data ಮೆನುವಿನ Text to Columns ತೆರೆದು ನೇರ Finish ಒತ್ತಿ. ಆಮೇಲೆ ತಾರೀಕಿನ ಫಾರ್ಮ್ಯಾಟ್ ಕೊಟ್ಟರೆ ಮಾತು ಕೇಳುತ್ತದೆ.

ನನ್ನ ಕೇಳಿದರೆ ಜನ ಹೆದರಬೇಕಾದ್ದು ಈ ಐದಂಕಿಗೆ ಅಲ್ಲವೇ ಅಲ್ಲ. ತಾರೀಕಿನ ಹಾಗೆ ಕಂಡೂ ತಾರೀಕಲ್ಲದ್ದಕ್ಕೆ. ಕಂಪ್ಯೂಟರಿನಲ್ಲಿ ಅಮೆರಿಕದ ಸೆಟ್ಟಿಂಗ್ ಇದ್ದರೆ ನೀವು ಹೊಡೆದ 1-6-2015 ಅದಕ್ಕೆ ಜನವರಿ 6. ಸದ್ದಿಲ್ಲದೆ 42010 ಅಂತ ಇಟ್ಟುಕೊಳ್ಳುತ್ತದೆ. 13-6-2015 ಹೊಡೆದರೆ ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ಅಕ್ಷರವಾಗಿ ಬಿಡುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ತಪ್ಪು ತಾರೀಕು, ಕೆಲವು ತಾರೀಕೇ ಅಲ್ಲ, ಕಣ್ಣಿಗೆ ಎಲ್ಲವೂ ಸರಿ.

ಇದನ್ನು ಹಿಡಿಯಲು ಕೆಲಸಕ್ಕೆ ಬರುವುದೇ ಸೀರಿಯಲ್ ನಂಬರ್. ಕಾಲಮ್ಮನ್ನು ಬೇಕೆಂದೇ General ಮಾಡಿ. ಐದಂಕಿಯಾಗಿ ಬದಲಾದವು ಎಕ್ಸೆಲ್‌ಗೆ ತಾರೀಕುಗಳು. ಬದಲಾಗದೆ 13-6-2015 ಅಂತಲೇ ನಿಂತವು ಅಕ್ಷರಗಳು. ನಿಂತವೆಲ್ಲ ತಿಂಗಳ ಹದಿಮೂರು ಅಥವಾ ಅದರ ನಂತರದ ದಿನದವೇ ಆಗಿದ್ದರೆ ಅನುಮಾನವೇ ಬೇಡ, ಉಳಿದವುಗಳಲ್ಲಿ ದಿನ ತಿಂಗಳು ಅದಲುಬದಲಾಗಿದೆ. ಅಕ್ಷರವಾಗಿ ನಿಂತವನ್ನು Text to Columns ಮೂರನೇ ಹಂತದಲ್ಲಿ Date ಮತ್ತು DMY ಆರಿಸಿ ಸರಿ ಮಾಡಿ. ಅದಲುಬದಲಾದವಕ್ಕೆ ಪಕ್ಕದ ಕಾಲಮ್ಮಿನಲ್ಲಿ ಈ ಸೂತ್ರ:

```
=DATE(YEAR(B2),DAY(B2),MONTH(B2))
```

ಇದನ್ನು ಐದಂಕಿಯಾಗಿ ಬದಲಾದ ಸಾಲುಗಳಿಗೆ ಮಾತ್ರ ಹಾಕಿ, ಅದೂ ಅಕ್ಷರಗಳನ್ನು ಸರಿ ಮಾಡುವುದಕ್ಕೆ ಮೊದಲು. ಆಮೇಲೆ ಎರಡೂ ಬೆರೆತರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಸರಿಯಿದ್ದ 1-6-2015ಕ್ಕೂ ಈ ಸೂತ್ರ ಹಾಕಿದರೆ ಅದೂ ಜನವರಿಗೆ ಹೋಗುತ್ತದೆ. ಹಳೆ ಕಾಲಮ್ಮನ್ನು ರಿಜಿಸ್ಟರಿನ ಜತೆ ತಾಳೆ ನೋಡುವ ತನಕ ಅಳಿಸಬೇಡಿ.