ಮೇಲೆ ಒಣಗಿದ್ದು, ಒಳಗೆ ಒದ್ದೆ: ಮಳೆಗಾಲದ ಬಟ್ಟೆ ಪ್ಯಾಡ್

ಆರಿದ್ರಾ ಮಳೆ ಹಿಡಿದ ಮೇಲೆ ನನ್ನ ಕ್ಲಿನಿಕ್ಕಿಗೆ ಒಂದೇ ತರದ ದೂರು ಹೊತ್ತು ಬರುವವರು ಜಾಸ್ತಿಯಾಗುತ್ತಾರೆ. ತೊಡೆಸಂದಿಯಲ್ಲಿ ತುರಿಕೆ, ಮುಟ್ಟು ಮುಗಿದ ವಾರದಲ್ಲಿ ಉರಿ, ಚರ್ಮ ಕೆಂಪಾಗಿ ಅಂಚು ಕಟ್ಟಿದ ಗಾಯ. ತೀರ್ಥಹಳ್ಳಿ ಸೀಮೆಯಲ್ಲಿ ಆ ಹೊತ್ತಿಗೆ ಅಕ್ಕಿಡಬ್ಬಿಯೇ ತಣ್ಣಗಿರುತ್ತದೆ, ಇನ್ನು ಬಟ್ಟೆಯ ಮಾತೇನು. ನಾನು ಕೇಳುವ ಮೊದಲ ಪ್ರಶ್ನೆ, "ಮುಟ್ಟಿಗೆ ಏನು ಬಳಸುತ್ತೀರಿ, ಅದನ್ನು ಎಲ್ಲಿ ಒಣಗಿಸುತ್ತೀರಿ?" ಉತ್ತರ ಮುಕ್ಕಾಲು ಪಾಲು ಒಂದೇ. "ಬಟ್ಟೆ ಪ್ಯಾಡ್ ಮೇಡಂ. ಬಾತ್‌ರೂಮಿನಲ್ಲಿ. ಒಣಗಿರುತ್ತೆ, ಮುಟ್ಟಿ ನೋಡಿಯೇ ಹಾಕಿಕೊಳ್ಳುವುದು."

ಈ "ಮುಟ್ಟಿ ನೋಡಿಯೇ" ಅನ್ನುವುದರ ಮೇಲೆ ನನಗೆ ಸಿಟ್ಟು. ಆ ಹೆಣ್ಣುಮಕ್ಕಳ ಮೇಲಲ್ಲ. ಅವರು ದುಡ್ಡು ಉಳಿಸಲು, ಕಸ ಕಡಿಮೆ ಮಾಡಲು, ಪ್ಲಾಸ್ಟಿಕ್ ಪ್ಯಾಡ್‌ನ ಉರಿ ತಪ್ಪಿಸಿಕೊಳ್ಳಲು ಒಳ್ಳೆಯ ಮನಸ್ಸಿನಿಂದ ಬಟ್ಟೆಗೆ ಬಂದವರು. ಅವರಿಗೆ ಪ್ಯಾಡ್ ಕೊಟ್ಟವರು ಒಗೆಯುವುದನ್ನು ಹೇಳಿಕೊಟ್ಟಿರುತ್ತಾರೆ, ಒಣಗಿಸುವುದನ್ನು "ಬಿಸಿಲಿಗೆ ಹಾಕಿ" ಎಂದು ಒಂದೇ ಮಾತಲ್ಲಿ ಮುಗಿಸಿರುತ್ತಾರೆ. ಜುಲೈನಲ್ಲಿ ಬಿಸಿಲು ಎಲ್ಲಿಂದ ತರುವುದು?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ನಾನೇ ತೂಗಿ ನೋಡಿದೆ. ಬೇಸಿಗೆಯಲ್ಲಿ ಸರಿಯಾಗಿ ಒಣಗಿದಾಗ ನನ್ನ ಹತ್ತಿರವಿದ್ದ ಫ್ಲಾನಲ್ ಪ್ಯಾಡ್ 30 ಗ್ರಾಂ ಇತ್ತು. ಒಗೆದು ಕೈಯಲ್ಲಿ ಹಿಂಡಿದಾಗ 74 ಗ್ರಾಂ. ಕಿಟಕಿ ಮುಚ್ಚಿದ ಕೋಣೆಯಲ್ಲಿ ತೂಗುಹಾಕಿ ಮರುದಿನ ಸಂಜೆ ಮುಟ್ಟಿದೆ. ಮೇಲೆ ಒಣಗಿದೆ ಅನ್ನಿಸಿತು. ಸ್ವಲ್ಪ ತಣ್ಣಗಿತ್ತು, ಅಷ್ಟೇ. ತೂಕ 41. ಅಂದರೆ 11 ಗ್ರಾಂ ನೀರು ಇನ್ನೂ ಒಳಗೇ ಇದೆ. ಎರಡು ಟೀ ಚಮಚ ನೀರನ್ನು ಒಳಉಡುಪಿನೊಳಗೆ ಸುರಿದುಕೊಂಡು ಆರು ಗಂಟೆ ಕಾಲೇಜಿನಲ್ಲಿ ಕೂರುವ ಹಾಗೆ.

ಯಾಕೆ ಹೀಗೆ? ಹೊಲಿದ ಪ್ಯಾಡ್‌ನಲ್ಲಿ ನಾಲ್ಕೈದು ಪದರ ಬಟ್ಟೆ ಒಂದರ ಮೇಲೊಂದು ಇರುತ್ತದೆ. ಗಾಳಿ ತಾಗುವುದು ಮೇಲಿನ ಪದರಕ್ಕೆ ಮಾತ್ರ. ನಡುವಿನ ನೀರು ಮೇಲಕ್ಕೆ ಬಂದು ಆರಬೇಕು. ಕೆಲವಕ್ಕೆ ಸೋರದಿರಲಿ ಎಂದು ಅಡಿಯಲ್ಲಿ ಪ್ಲಾಸ್ಟಿಕ್ ಲೇಪದ ಬಟ್ಟೆ ಹಾಕಿರುತ್ತಾರೆ. ಆಗ ಒಂದು ಕಡೆಯ ದಾರಿ ಪೂರ್ತಿ ಮುಚ್ಚಿತು. ಪೀರಿಯಡ್ ಪ್ಯಾಂಟಿಯದೂ ಇದೇ ಕಥೆ, ಇನ್ನೂ ಸ್ವಲ್ಪ ಮೋಸದ್ದು. ಸೊಂಟದ ಎಲಾಸ್ಟಿಕ್, ಪಕ್ಕದ ಬಟ್ಟೆ ಎಲ್ಲ ಒಂದು ದಿನದಲ್ಲಿ ಗರಿಗರಿ ಒಣಗುತ್ತದೆ. ಕೈ ಹಾಕಿ ನೋಡುವುದೂ ಅಲ್ಲೇ. ಕೆಳಗಿನ ಹೀರುವ ಭಾಗ ಮಾತ್ರ ಎರಡನೇ ದಿನವೂ ಒದ್ದೆ.

ನಮ್ಮ ಅಜ್ಜಿಯಂದಿರ ಹಳೇ ಪಂಚೆ ತುಂಡು ಈ ವಿಷಯದಲ್ಲಿ ಮೇಲು. ಬಿಚ್ಚಿದರೆ ಒಂದೇ ಪದರ. ಮಡಿಚಿದರೆ ಎಂಟು ಪದರ. ಒಗೆದು ಬಿಚ್ಚಿ ಹರವಿದರೆ ಮಳೆಯಲ್ಲೂ ಫ್ಯಾನ್ ಕೆಳಗೆ ಒಂದು ರಾತ್ರಿಗೆ ಒಣಗುತ್ತದೆ. ಅವರ ಕಾಲದ ಎಲ್ಲವೂ ಒಳ್ಳೆಯದಿತ್ತು ಎನ್ನುತ್ತಿಲ್ಲ. ಹೊರಗೆ ಕೂತವರ ಬಟ್ಟೆಯನ್ನು ಕೊಟ್ಟಿಗೆಯ ಕತ್ತಲೆಯಲ್ಲಿ ಒಣಗಿಸಿದ್ದೂ ಅದೇ ಕಾಲ. ಆದರೆ ಮಳೆಸೀಮೆಯಲ್ಲಿ ಇರುವವರು ಬಟ್ಟೆ ಪ್ಯಾಡ್ ಕೊಳ್ಳುವುದಾದರೆ, ಒಳಗಿನ ಹೀರುವ ಬಟ್ಟೆಯನ್ನು ಹೊರಗೆ ತೆಗೆದು ಬಿಚ್ಚಿ ಹರವಲು ಬರುವಂಥದ್ದನ್ನೇ ಆರಿಸಿ. ಪೂರ್ತಿ ಹೊಲಿದದ್ದು ಬಯಲುಸೀಮೆಗೆ ಸರಿ.

ಹೀಗೆ ತುರಿಕೆಯ ದೂರು ಹೊತ್ತು ಬಂದ ಒಬ್ಬ ಕಾಲೇಜು ಹುಡುಗಿಯ ವಿಷಯ ಹೇಳುತ್ತೇನೆ. ತಾಯಿಯ ಜೊತೆ ಬಂದಿದ್ದಳು. ತಾಯಿ ಕೂರುವ ಮೊದಲೇ, "ಮೇಡಂ, ಈ ಬಟ್ಟೆ ಸಹವಾಸ ಬಿಟ್ಟು ಅಂಗಡಿ ಪ್ಯಾಡೇ ಹಾಕು ಅಂತ ನೀವೇ ಹೇಳಿ ಇವಳಿಗೆ" ಎಂದರು. ಹುಡುಗಿ ಸುಮ್ನೆ ಕೂತಿದ್ದಳು, ಕಣ್ಣಲ್ಲಿ ನೀರು. ಅಂಗಡಿ ಪ್ಯಾಡ್ ಹಾಕಿದರೆ ಅವಳಿಗೆ ತೊಡೆ ಉಜ್ಜಿ ಗಾಯವಾಗುತ್ತಿತ್ತು. ಅದಕ್ಕೇ ಬಟ್ಟೆಗೆ ಬಂದಿದ್ದಳು. ಇದ್ದದ್ದು ಆರು ಪ್ಯಾಡ್.

ಕಾಗದ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. ಅವಳಿಗೆ ಐದು ದಿನ. ಮೊದಲೆರಡು ದಿನ ನಾಲ್ಕು ನಾಲ್ಕು, ಮೂರನೇ ದಿನ ಮೂರು, ಆಮೇಲೆ ಎರಡೆರಡು. ಆರು ಪ್ಯಾಡ್ ಎರಡನೇ ದಿನ ಮಧ್ಯಾಹ್ನಕ್ಕೇ ಖಾಲಿ. ಆಗ ಕೈಗೆ ಬರುವುದು ಮೊದಲ ದಿನ ಸಂಜೆ ಒಗೆದದ್ದು. ಒಂದು ದಿನವೂ ಆರಿಲ್ಲ. ಅವಳು ಅದನ್ನೇ ಹಾಕಿಕೊಳ್ಳುತ್ತಿದ್ದಳು, ಮುಟ್ಟಿ ನೋಡಿ.

ಇಲ್ಲೇ ಎಲ್ಲರೂ ತಪ್ಪುವುದು. ಎಷ್ಟು ಪ್ಯಾಡ್ ಬೇಕು ಎನ್ನುವುದನ್ನು ಮುಟ್ಟಿನ ದಿನ ನೋಡಿ ಲೆಕ್ಕ ಹಾಕುತ್ತಾರೆ. ಒಣಗುವ ದಿನ ನೋಡಿ ಹಾಕಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ಸಿಗುತ್ತದೆ, ಆರು ಸಾಕು. ಫ್ಯಾನ್ ಕೆಳಗೆ ಒಂದೂವರೆ ದಿನ ಬೇಕು ಎಂದರೆ ಮೊದಲ ದಿನ ಸಂಜೆ ಒಗೆದದ್ದು ಮೂರನೇ ದಿನ ಬೆಳಿಗ್ಗೆಗೆ ಸಿಗುತ್ತದೆ. ಅಲ್ಲಿವರೆಗಿನ ಎಂಟು, ಮೇಲೆ ಎರಡು, ಒಟ್ಟು ಹತ್ತು. ಮುಚ್ಚಿದ ಕೋಣೆಯಲ್ಲಿ ಮೂರು ದಿನ ಹಿಡಿದರೆ ಹದಿಮೂರಾದರೂ ಬೇಕು. ಇದೇ ಹುಡುಗಿ, ಇದೇ ಮುಟ್ಟು, ಆದರೆ ಋತು ಬದಲಾದಂತೆ ಆರು ಹದಿಮೂರಾಗುತ್ತದೆ.

ಹತ್ತು ಕೊಳ್ಳಲು ದುಡ್ಡಿಲ್ಲದಿದ್ದರೆ? ಬೆರೆಸಿ ಬಳಸಿ. ಅದರಲ್ಲಿ ಸೋಲೇನೂ ಇಲ್ಲ. ಮೊದಲೆರಡು ದಿನ ಕಾಲೇಜಿನ ಹೊತ್ತಿಗೆ ಅಂಗಡಿ ಪ್ಯಾಡ್ ಎರಡೆರಡು, ಸುವಾಸನೆ ಇಲ್ಲದ್ದು, ಹತ್ತಿಯ ಮೇಲ್ಪದರದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಮನೆಗೆ ಬಂದ ಮೇಲೆ ಬಟ್ಟೆ. ಆಗ ಅವಳ ಆರೇ ಸಾಕಾಗುತ್ತದೆ. ಅಂಗಡಿ ಪ್ಯಾಡ್‌ನ ಹೀರುವ ಪುಡಿ ದ್ರವವನ್ನು ಹಿಡಿದಿಡುತ್ತದೆ, ಚರ್ಮ ಒಣಗಿದಂತೆ ಇರುತ್ತದೆ. ಆದರೆ ಅಡಿಯ ಪ್ಲಾಸ್ಟಿಕ್ ಬೆವರನ್ನೂ ಹಿಡಿದಿಡುತ್ತದೆ. ಅದಕ್ಕೇ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ ಎನ್ನುವುದು. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಕೊಡಿ. ಬಚ್ಚಲೊಲೆಗೆ ಹಾಕಬೇಡಿ, ಅದು ಪ್ಲಾಸ್ಟಿಕ್, ಹೊಗೆ ಮನೆಯೊಳಗೇ ತುಂಬುತ್ತದೆ.

ಪ್ಯಾಂಟಿ ಲೈನರ್ ಬಗ್ಗೆಯೂ ಕೇಳುತ್ತಾರೆ. ಅದು ಮುಟ್ಟಿನ ಕೊನೆಯ ದಿನದ ಕಲೆಗೆ ಸಾಕು, ಹರಿವು ಇರುವ ದಿನಕ್ಕೆ ಸಾಲದು. ಬಿಳಿಮುಟ್ಟು ಅಂತ ಹೆದರಿ ವರ್ಷವಿಡೀ ಲೈನರ್ ಹಾಕುವವರಿದ್ದಾರೆ. ವಾಸನೆ, ತುರಿಕೆ ಇಲ್ಲದ ತೆಳು ಬಿಳಿ ಸ್ರಾವ ಸಹಜ. ಲೈನರ್‌ನಿಂದಲೇ ಸೋಂಕು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬೆಳಿಗ್ಗೆಯ ಲೈನರ್ ರಾತ್ರಿವರೆಗೂ ಇದ್ದರೆ ಚರ್ಮ ನೆನೆಯುತ್ತದೆ. ಅದಕ್ಕಿಂತ ಮಧ್ಯಾಹ್ನ ಒಮ್ಮೆ ಚಡ್ಡಿ ಬದಲಿಸುವುದು ಮೇಲು.

ಒಗೆಯುವುದರಲ್ಲಿ ಎರಡೇ ಮಾತು. ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ರಕ್ತದ ಪ್ರೋಟೀನ್ ಮೊಟ್ಟೆಯ ಹಾಗೆ ಗಟ್ಟಿಯಾಗಿ ನೂಲಿಗೆ ಅಂಟುತ್ತದೆ. ಅರ್ಧ ಗಂಟೆ ನೆನೆಸಿ, ಕೆಂಪು ಬಿಡುವವರೆಗೆ ನೀರು ಬದಲಿಸಿ, ಸೋಪು ಹಚ್ಚಿ ಉಜ್ಜಿ. ರಾತ್ರಿಯಿಡೀ ನೆನೆಸಿದರೆ ಆ ಬಕೆಟ್ಟೇ ವಾಸನೆಯ ಮನೆಯಾಗುತ್ತದೆ. ಎರಡನೆಯದು, ನೊರೆ ಪೂರ್ತಿ ಹೋಗಬೇಕು. ಕ್ರಿಮಿ ಸಾಯಲಿ ಎಂದು ನಂಜುನಿವಾರಕ ಸುರಿಯುವುದು, ಮೆತ್ತಗಾಗಲಿ ಎಂದು ಫ್ಯಾಬ್ರಿಕ್ ಕಂಡೀಷನರ್ ಹಾಕುವುದು ಬೇಡ. ಮೊದಲನೆಯದು ಚರ್ಮ ಸುಡುತ್ತದೆ. ಎರಡನೆಯದು ನೂಲಿಗೆ ಪೊರೆ ಹಿಡಿಸಿ ಹೀರುವ ಶಕ್ತಿಯನ್ನೇ ಕಳೆಯುತ್ತದೆ.

ಇನ್ನು ಒಣಗಿಸುವುದು. ಹಿಂಡಿದ ಪ್ಯಾಡನ್ನು ದಪ್ಪ ಒಣ ಟವೆಲಿನ ಮೇಲೆ ಹಾಸಿ, ಚಾಪೆಯ ಹಾಗೆ ಸುತ್ತಿ, ಮೇಲೆ ನಿಂತು ತುಳಿಯಿರಿ. ನನ್ನ ತಕ್ಕಡಿಯಲ್ಲಿ 74 ಗ್ರಾಂ ಇದ್ದದ್ದು ಇದರಿಂದಲೇ 58ಕ್ಕೆ ಇಳಿಯಿತು. ವಾಷಿಂಗ್ ಮೆಷಿನ್‌ನ ಸ್ಪಿನ್ ಇದ್ದರೆ ಇನ್ನೂ ಚೆನ್ನ. ಪ್ಲಾಸ್ಟಿಕ್ ಲೇಪದ್ದನ್ನೂ ಪೀರಿಯಡ್ ಪ್ಯಾಂಟಿಯನ್ನೂ ಹಿಂಡಿ ತಿರುಚಬೇಡಿ, ಟವೆಲಿನಲ್ಲಿ ಒತ್ತಿ. ಆಮೇಲೆ ಪ್ಯಾಂಟಿಯ ಒಳಭಾಗ ಹೊರಗೆ ಮಾಡಿ, ಹೀರುವ ಭಾಗ ಗಾಳಿಗೆ ಸಿಗುವ ಹಾಗೆ, ಓಡುವ ಫ್ಯಾನ್ ಕೆಳಗೆ ತೂಗುಹಾಕಿ. ಬಚ್ಚಲುಮನೆ ಬೇಡ. ಬಿಸಿನೀರಿನ ಹಬೆಯೇ ಅಲ್ಲಿ ನಿಂತಿರುತ್ತದೆ. ಇನ್ನೊಂದು ಬಟ್ಟೆಯ ಕೆಳಗೆ ಮುಚ್ಚಿಡುವುದೂ ಬೇಡ. ಮಾವ ಓಡಾಡುವ ಮನೆಯಲ್ಲಿ ಹೇಗೆ ಮೇಡಂ ಎನ್ನುವವರ ಸಂಕಟ ನನಗೆ ಗೊತ್ತು. ರಾತ್ರಿ ನಿಮ್ಮ ಮಲಗುವ ಕೋಣೆಯ ಫ್ಯಾನ್ ಕೆಳಗೆ ಹಾಕಿ, ಬೆಳಿಗ್ಗೆ ತೆಗೆಯಿರಿ. ಮರುರಾತ್ರಿ ಮತ್ತೆ ಹಾಕಿ.

ಫ್ಯಾನ್ ಕೆಳಗೆ ಒಂದೂವರೆ ದಿನಕ್ಕೆ ನನ್ನ ಪ್ಯಾಡ್ 32 ಗ್ರಾಂಗೆ ಬಂತು. ಅಲ್ಲಿಂದ ಇಳಿಯಲೇ ಇಲ್ಲ. ಹತ್ತಿ ಥಂಡಿ ಹವೆಯಿಂದಲೇ ಅಷ್ಟು ನೀರು ಹೀರಿಕೊಳ್ಳುತ್ತದೆ. ಇದಕ್ಕೆ ಇಸ್ತ್ರಿ ಬೇಕು. ಬರೀ ಹತ್ತಿಯ ಪ್ಯಾಡ್ ಆದರೆ ಇಸ್ತ್ರಿಪೆಟ್ಟಿಗೆಯನ್ನು ಹತ್ತಿಬಟ್ಟೆಗೆ ಇಡುವ ಬಿಸಿಯಲ್ಲಿಟ್ಟು ಎರಡೂ ಕಡೆ ನಿಧಾನ ಒತ್ತಿ, ಹಬೆ ಏಳುವುದು ನಿಲ್ಲುವವರೆಗೆ. ಆಮೇಲೆ ಹತ್ತು ನಿಮಿಷ ಆರಲು ಬಿಡಿ. ಪ್ಲಾಸ್ಟಿಕ್ ಲೇಪಕ್ಕೂ ಪೀರಿಯಡ್ ಪ್ಯಾಂಟಿಗೂ ಇಸ್ತ್ರಿ ತಾಗಿಸಿದರೆ ಲೇಪ ಬಿಟ್ಟು ಸೋರುತ್ತದೆ. ಹಾಗಾಗಿ ಮಲೆನಾಡಿನ ಜುಲೈಗೆ ಪ್ಯಾಂಟಿ ಒಂದೆರಡಿದ್ದು ಅದನ್ನೇ ನಂಬಿಕೊಳ್ಳುವುದು ಕಷ್ಟ. ರಾತ್ರಿಗೆ ಮಾತ್ರ ಇಟ್ಟುಕೊಳ್ಳಿ, ಮೂರಾದರೂ ಇರಲಿ.

ತಕ್ಕಡಿ ಇಲ್ಲದವರು ಪ್ಯಾಡ್‌ನ ನಡುಭಾಗವನ್ನು ಕೆನ್ನೆಗೆ ಒತ್ತಿ ಹತ್ತು ಎಣಿಸಿ. ಬೆರಳಿಗೆ ಗೊತ್ತಾಗದ ತಂಪು ಕೆನ್ನೆಗೆ ಗೊತ್ತಾಗುತ್ತದೆ. ತಂಪಿದ್ದರೆ ನೀರು ಇನ್ನೂ ಆರುತ್ತಿದೆ ಎಂದು ಅರ್ಥ. ಎರಡಾಗಿ ಮಡಿಚಿ ಮೂಸಿಯೂ ನೋಡಿ. ಮುಗ್ಗಲು ವಾಸನೆ ಇದ್ದರೆ ಮತ್ತೆ ಒಗೆಯಬೇಕು, ಬರೀ ಒಣಗಿಸಿದರೆ ಸಾಲದು.

ತುರಿಕೆ ಎಲ್ಲವೂ ಪ್ಯಾಡ್‌ನದ್ದೇ ಅಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೂ ಬರುತ್ತದೆ. ಮೊಸರು ಒಡೆದಂಥ ಸ್ರಾವ, ಮೀನಿನ ವಾಸನೆ, ಹೊಟ್ಟೆನೋವು, ಜ್ವರ ಇದ್ದರೆ ಕಾಯಬೇಡಿ, ತೋರಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಿಶ್ರಣದ ಮುಲಾಮು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಒಳಗೊಳಗೇ ಹರಡುತ್ತದೆ. ಆ ಹುಡುಗಿಯೂ ಮೂರು ವಾರ ಹಚ್ಚಿದ್ದಳು. ವಾಸಿಯಾಗಲು ಆರು ವಾರ ಹಿಡಿಯಿತು.

ಪುಷ್ಯ ಮಳೆಯಲ್ಲಿ ಅವಳ ತಾಯಿ ಒಬ್ಬರೇ ಬಂದರು, ಅವರದ್ದೇ ಬೇರೆ ತೊಂದರೆಗೆ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು, "ಇವರಿಗೆ ಹೇಳಿ ಅವಳ ಕೋಣೆಗೆ ಒಂದು ತಂತಿ ಕಟ್ಟಿಸಿದೆ ಮೇಡಂ. ಫ್ಯಾನಿನ ನೇರ ಕೆಳಗೆ."